ಆರು ಪುಟದ ಕರಪತ್ರ, ಎಂಟು ಸಾಲಿನ ಚೀಟಿ

ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಕೂಡಲೇ ವಾಟ್ಸಾಪಿನಲ್ಲಿ ಫೋಟೋಗಳು ಬರತೊಡಗುತ್ತವೆ. ಆಸ್ಪತ್ರೆಯಲ್ಲಿ ಕೊಟ್ಟ ಕರಪತ್ರ, ಔಷಧಿ ಅಂಗಡಿಯಲ್ಲಿ ಸಿಕ್ಕ ಮಡಿಕೆ ಹಾಳೆ, ಪರದೇಶದಲ್ಲಿರುವ ಮಗ ಅಲ್ಲಿನ ಕ್ಲಿನಿಕ್ಕಿನಲ್ಲಿ ಕಂಡು ತೆಗೆದ ಚಿತ್ರ. ಎಲ್ಲರೂ ಕಳಿಸುವುದು ಕಾಳಜಿಯಿಂದಲೇ. ಆದರೆ ಯಾರಿಗಾಗಿ ಕಳಿಸಿದ್ದೋ ಅವರು ಅದನ್ನು ಓದಲಾರರು. ಅಕ್ಷರ ಸಣ್ಣದು, ಭಾಷೆ ಇಂಗ್ಲಿಷು, ಫೋನಿನಲ್ಲಿ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಓಡುತ್ತದೆ. ಕೊನೆಗೆ ಕೆಲಸ ನಿಮ್ಮ ಪಾಲಿಗೆ ಬರುತ್ತದೆ: "ಇದನ್ನ ಸ್ವಲ್ಪ ಕನ್ನಡದಲ್ಲಿ ಬರೆದುಕೊಡು."

ನನ್ನ ಪಾಲಿಗೂ ಹಾಗೆಯೇ ಬಂತು. ತೀರ್ಥಹಳ್ಳಿ ಕಡೆಯ ನನ್ನ ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು ವರ್ಷ, ಶುಗರಿಗೆ ಮಾತ್ರೆ ನುಂಗುತ್ತಾರೆ. ಏಕಾದಶಿಯ ಉಪವಾಸದಲ್ಲಿ ಮಾತ್ರೆ ಮಾತ್ರ ತಪ್ಪಿಸದೆ ನುಂಗಿ, ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಬೆವರಿ ಕುಸಿದಿದ್ದರು. ಸುದ್ದಿ ಕೇಳಿ ಇಂಗ್ಲೆಂಡಿನಲ್ಲಿರುವ ಅವರ ಮೊಮ್ಮಗ "ಶುಗರ್ ಕಡಿಮೆಯಾದರೆ ಏನು ಮಾಡಬೇಕು" ಎನ್ನುವ ಕರಪತ್ರದ ಫೋಟೋ ಕಳಿಸಿದ. ನಾನು ಒಂದು ಸಂಜೆ ಕೂತು ಎರಡು ಪುಟದ ಸಾರಾಂಶ ಬರೆದುಕೊಟ್ಟೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅರ್ಧ ಓದಿ ಕೆಳಗಿಟ್ಟು, "ಇಷ್ಟು ಓದೋ ಹೊತ್ತಿಗೆ ನಾನು ಬಿದ್ದೇ ಹೋಗ್ತೀನಲ್ಲ ಮಗಾ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆಮೇಲೆ ಆ ಚೀಟಿಯನ್ನು ನಾಲ್ಕು ಸಲ ತಿದ್ದಿದೆ. ತಿದ್ದುವಾಗ ಕಲಿತದ್ದು ಇಲ್ಲಿದೆ. ಶುಗರ್ ಇಳಿಯುವ ವಿಷಯದ ಕರಪತ್ರವನ್ನೇ ಉದಾಹರಣೆಯಾಗಿ ಹಿಡಿದಿದ್ದೇನೆ, ಏಕೆಂದರೆ ಬರೆಯುವವರ ತಪ್ಪು ಇಲ್ಲಿ ಹದಿನೈದೇ ನಿಮಿಷದಲ್ಲಿ ಒಬ್ಬರ ಮೈಮೇಲೆ ಬರುತ್ತದೆ.

ಚಿಕ್ಕದು ಮಾಡಿದರೆ ಸಾಲದು, ಏಕೆ?

ಕರಪತ್ರ ಬರೆಯುವವರ ಎದುರಿಗೆ ಸಾವಿರಾರು ಓದುಗರಿರುತ್ತಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಮಾತ್ರೆ ನುಂಗುವವರು, ಕಾರು ಓಡಿಸುವವರು, ಗರ್ಭಿಣಿಯರು. ಹಾಗಾಗಿ ಅದರಲ್ಲಿ ಎಲ್ಲವೂ ಇರುತ್ತದೆ. ನಿಮ್ಮ ಎದುರಿಗಿರುವುದು ಒಬ್ಬರೇ. ಎಲ್ಲ ಸಾಲನ್ನೂ ಒಂದೇ ಸಮ ಕುಗ್ಗಿಸಿದರೆ ಅವರಿಗೆ ಬೇಡದ್ದೂ ಉಳಿಯುತ್ತದೆ, ಬೇಕಾದದ್ದೂ ತೆಳುವಾಗುತ್ತದೆ.

ಇನ್ನೊಂದು ಮಾತು ನನಗೆ ಹೊಳೆದದ್ದು ತಡವಾಗಿ. ಶುಗರ್ ಇಳಿದಾಗ ಮೊದಲು ಮಂಕಾಗುವುದು ಮಿದುಳು. ಮಿದುಳಿನ ಮುಖ್ಯ ಆಹಾರ ರಕ್ತದಲ್ಲಿರುವ ಗ್ಲೂಕೋಸು. ಅದು ಕಡಿಮೆಯಾದಾಗ ಮಾತು ತೊದಲುತ್ತದೆ, ಎಲ್ಲಿದ್ದೇನೆ ಎಂಬುದು ಮರೆಯುತ್ತದೆ, ಕೆಲವರು ವಿನಾಕಾರಣ ರೇಗುತ್ತಾರೆ. ಅಂದರೆ ಚೀಟಿ ಬೇಕಾಗುವ ಹೊತ್ತಿಗೆ ಕಾಯಿಲೆಯವರು ಅದನ್ನು ಓದುವ ಸ್ಥಿತಿಯಲ್ಲಿ ಇರುವುದಿಲ್ಲ. ಓದುವವರು ಮನೆಯ ಸೊಸೆ, ಪಕ್ಕದ ಮನೆಯವರು, ತೋಟದ ಕೆಲಸಕ್ಕೆ ಬಂದವರು. ನಾನು ಬರೆದ ಮೊದಲ ಚೀಟಿ ಪೂರ್ತಿ ದೊಡ್ಡಮ್ಮನನ್ನು ಉದ್ದೇಶಿಸಿ ಇತ್ತು. ನಾಲ್ಕನೆಯದರಲ್ಲಿ ಮುಕ್ಕಾಲು ಭಾಗ ಮನೆಯವರಿಗೆ. ಬರೆಯಲು ಕೂರುವ ಮೊದಲು ಇಷ್ಟನ್ನು ತೀರ್ಮಾನಿಸಿಕೊಳ್ಳಿ: ಇದನ್ನು ಯಾರು, ಯಾವಾಗ, ಎಲ್ಲಿ ನಿಂತು ಓದುತ್ತಾರೆ?

ಮೊದಲು ಫೋಟೋ ಸರಿಯಾಗಿರಲಿ

ಮೂರು ಮಡಿಕೆಯ ಕರಪತ್ರಕ್ಕೆ ಆರು ಮುಖ. ಬಿಡಿಸಿ ಹರಡಿದಾಗ ಮುಖಪುಟ ಒಂದು ಕೊನೆಗೆ ಬಂದಿರುತ್ತದೆ, ಹಿಂಬದಿ ನಡುವೆ ಇರುತ್ತದೆ. ಫೋಟೋದಲ್ಲಿ ಎಡದಿಂದ ಬಲಕ್ಕೆ ಓದಿದರೆ ಕ್ರಮ ತಪ್ಪುತ್ತದೆ. ಹಾಗಾಗಿ ಒಂದೊಂದು ಮುಖವನ್ನೂ ಬೇರೆಬೇರೆಯಾಗಿ, ಮಡಿಕೆಯ ಕ್ರಮದಲ್ಲೇ ತೆಗೆಯಲು ಹೇಳಿ. ಕಿಟಕಿಯ ಬೆಳಕಿನಲ್ಲಿ, ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಫೋನನ್ನು ಓರೆಯಾಗದಂತೆ ಮೇಲಿನಿಂದ ಹಿಡಿದು ತೆಗೆಯಬೇಕು. ನುಣುಪು ಕಾಗದಕ್ಕೆ ಫ್ಲ್ಯಾಶ್ ಹಾಕಿದರೆ ಬಿಳಿ ಮಚ್ಚೆ ಬೀಳುತ್ತದೆ. ಅದು ಅಂಕಿಯ ಮೇಲೆ ಬಿದ್ದರೆ ಆ ಅಂಕಿ ಹೋದಂತೆಯೇ. ಕಳಿಸುವಾಗ ಮಾಮೂಲಿ ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲವಾದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಸಣ್ಣ ಅಕ್ಷರವನ್ನು ಕಲಸಿಬಿಡುತ್ತದೆ. ಹಿಂಬದಿಯ ಅಡಿಯಲ್ಲಿರುವ ಸಣ್ಣ ಅಕ್ಷರಗಳನ್ನು ಬಿಡುವಂತಿಲ್ಲ. ಕರಪತ್ರ ಯಾವ ವರ್ಷದ್ದು, ಯಾರಿಗೆ ಅನ್ವಯಿಸುವುದಿಲ್ಲ ಎನ್ನುವ ಮಾತು ಸಾಮಾನ್ಯವಾಗಿ ಇರುವುದು ಅಲ್ಲಿಯೇ.

ಫೋಟೋದಿಂದ ಅಕ್ಷರಗಳನ್ನು ಎತ್ತಿಕೊಡುವ ಸೌಲಭ್ಯ ಈಗಿನ ಫೋನುಗಳಲ್ಲಿದೆ. ಬಳಸಿ, ಆದರೆ ಅಂಕಿಗಳನ್ನು ನಂಬಬೇಡಿ. 3.9ರ ಚುಕ್ಕೆ ಬಿದ್ದುಹೋಗಿ 39 ಆಗುವುದು ಸುಲಭ. ಪ್ರತಿ ಅಂಕಿಯನ್ನೂ ಮೂಲ ಚಿತ್ರದ ಮೇಲೆ ಬೆರಳಿಟ್ಟು ತಾಳೆ ನೋಡಿ.

ಸಾಲುಗಳನ್ನು ಆರಿಸುವುದು

1. ಕರಪತ್ರದ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ಓದಿದವರು ಕೈಯಿಂದ ಏನು ಮಾಡುತ್ತಾರೆ? ಉತ್ತರ ಇಲ್ಲದ ವಾಕ್ಯವನ್ನು ಬಿಡಿ. "ಶುಗರ್ ಇಳಿಯುವುದಕ್ಕೆ ಹೈಪೊಗ್ಲೈಸೀಮಿಯ ಎನ್ನುತ್ತಾರೆ" ಎಂಬ ವಾಕ್ಯದಿಂದ ಯಾರೂ ಏನೂ ಮಾಡಲಾರರು. "ಕೂರಿಸಿ" ಎಂಬುದರಿಂದ ಮಾಡುತ್ತಾರೆ.

2. ಅಪಾಯದ ಕ್ರಮದಲ್ಲಿ ಜೋಡಿಸಿ, ಕರಪತ್ರದ ಕ್ರಮದಲ್ಲಿ ಅಲ್ಲ. ನನ್ನ ಕೈಗೆ ಬಂದದ್ದರಲ್ಲಿ ಎಚ್ಚರ ತಪ್ಪಿದರೆ ಏನು ಮಾಡಬೇಕು ಎಂಬುದು ಐದನೆಯ ಮುಖದಲ್ಲಿತ್ತು. ಕುಸಿದವರ ಪಕ್ಕ ನಿಂತವರಿಗೆ ಬೇಕಾದ ಮೊದಲ ಸಾಲೇ ಅದು. ಎಚ್ಚರ ಇಲ್ಲದವರ ಬಾಯಿಗೆ ನೀರು, ಸಕ್ಕರೆ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಆದರೆ ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡಲು ಹೊರಡುವುದು ಅದನ್ನೇ. ಆದ್ದರಿಂದ ಚೀಟಿಯ ನೆತ್ತಿಯಲ್ಲೇ ಅದು ಇರಲಿ.

3. ಅಳತೆಯನ್ನು ಮನೆಯ ಅಳತೆಗೆ ತನ್ನಿ. ಕರಪತ್ರ ಹೇಳಿದ್ದು ಬೇಗ ರಕ್ತಕ್ಕೆ ಸೇರುವ 15ರಿಂದ 20 ಗ್ರಾಂ ಸಿಹಿ. ಉದಾಹರಣೆಗೆ ಕೊಟ್ಟದ್ದು ಅಲ್ಲಿನ ಮಕ್ಕಳು ತಿನ್ನುವ ಜೆಲ್ಲಿ ಮಿಠಾಯಿ. ತೀರ್ಥಹಳ್ಳಿಯ ಅಡುಗೆಮನೆಯಲ್ಲಿ ಆ ಮಿಠಾಯಿಯೂ ಇಲ್ಲ, ಗ್ರಾಂ ತೂಗುವವರೂ ಇಲ್ಲ. ನಾನು ಗ್ಲೂಕೋಸ್ ಪುಡಿಯನ್ನು ಮನೆಯ ಟೀ ಚಮಚದಲ್ಲಿ ಸಮತಟ್ಟಾಗಿ ಅಳೆದು ತಕ್ಕಡಿಯಲ್ಲಿಟ್ಟೆ. ಚಮಚಕ್ಕೆ ನಾಲ್ಕು ಗ್ರಾಂ ಚಿಲ್ಲರೆ ಬಂತು. ಹಾಗಾಗಿ ಚೀಟಿಯಲ್ಲಿ "4 ಚಮಚ". ನಿಮ್ಮ ಮನೆಯ ಚಮಚ ಬೇರೆ ಇದ್ದೀತು. ಒಮ್ಮೆ ತೂಗಿಯೇ ಬರೆಯಿರಿ.

4. ಮಾನ ಯಾವುದು ನೋಡಿ. ಇದು ಪರದೇಶದ ಕರಪತ್ರಗಳ ದೊಡ್ಡ ಬಲೆ. ಇಂಗ್ಲೆಂಡಿನ ಕರಪತ್ರ "4ಕ್ಕಿಂತ ಕಡಿಮೆಯಾದರೆ" ಎನ್ನುತ್ತದೆ. ಅಲ್ಲಿನ ಮೀಟರ್ ತೋರಿಸುವುದು mmol/L. ನಮ್ಮ ಮೀಟರ್ ತೋರಿಸುವುದು mg/dL. ಅವರ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು ಸಿಗುತ್ತದೆ. ಅವರ 4 ಎಂದರೆ ನಮ್ಮ 72. ಇಲ್ಲಿನ ವೈದ್ಯರು ಸಾಮಾನ್ಯವಾಗಿ ಹಿಡಿಯುವ ಗೆರೆ 70. ನಾನು ಮೊದಲ ಚೀಟಿಯಲ್ಲಿ ನಾಲ್ಕನ್ನು ನಾಲ್ಕಾಗಿಯೇ ಇಟ್ಟಿದ್ದೆ. ದೊಡ್ಡಮ್ಮನ ಮೀಟರಿನಲ್ಲಿ 52 ಬಂದಿದ್ದರೂ ಅದನ್ನು ಓದಿದವರು "ನಾಲ್ಕಕ್ಕಿಂತ ಎಷ್ಟೋ ಜಾಸ್ತಿ ಇದೆ" ಎಂದು ಸುಮ್ಮನಿರುತ್ತಿದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಲ್ಲಿನ ತುರ್ತು ನಂಬರು 999 ಕೂಡ ಹಾಗೆಯೇ ಉಳಿದುಬಿಡಬಹುದು. ನಮಗೆ ಬೇಕಾದದ್ದು 108.

5. "ಆದರೆ", "ಹೊರತು", "ಮಾತ್ರ" ಇರುವ ವಾಕ್ಯಗಳನ್ನು ಕೊನೆಯವರೆಗೂ ಕೈಬಿಡಬೇಡಿ. ಇದಕ್ಕೆ ಸ್ವಲ್ಪ ವಿವರ ಬೇಕು.

ಬಿಟ್ಟುಹೋಗುವ "ಆದರೆ"

ಕರಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಅಕಾರ್ಬೋಸ್ ಎಂಬ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಲೂಕೋಸ್ ಮಾತ್ರ ಕೊಡಿ. ದೊಡ್ಡಮ್ಮನ ಮಾತ್ರೆಗಳಲ್ಲಿ ಅಕಾರ್ಬೋಸ್ ಇರಲಿಲ್ಲ. ಹಾಗಾಗಿ ಆ ಸಾಲನ್ನು ನಿಶ್ಚಿಂತೆಯಿಂದ ಬಿಟ್ಟು "ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್" ಎಂದು ಬರೆದೆ.

ಚೀಟಿಯನ್ನು ಅವರ ವೈದ್ಯರಿಗೆ ತೋರಿಸಿದಾಗ ಅವರು ಮಾತ್ರೆಯ ಪಟ್ಟಿಯನ್ನು ತಿರುವಿ ಹಾಕಿ, ಹಿಂಬದಿಯಲ್ಲಿ ಬರೆದ ಮೂರು ಹೆಸರು ಓದಿಸಿದರು: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ಒಂದೇ ಮಾತ್ರೆಯಲ್ಲಿ ಮೂರು ಔಷಧಿ. ನಮ್ಮಲ್ಲಿ ಇಂಥ ಜೋಡಿ ಮಾತ್ರೆಗಳು ಬಹಳ ಬಳಕೆಯಲ್ಲಿವೆ. ವೋಗ್ಲಿಬೋಸ್ ಅಕಾರ್ಬೋಸಿನ ಗುಂಪಿಗೇ ಸೇರಿದ್ದು. ನಾವು ತಿಂದ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆದ ಮೇಲೆಯೇ ರಕ್ತಕ್ಕೆ ಸೇರುವುದು. ಈ ಔಷಧಿ ಆ ಒಡೆಯುವ ಕೆಲಸವನ್ನೇ ನಿಧಾನ ಮಾಡುತ್ತದೆ. ಊಟದ ಮೇಲೆ ಶುಗರ್ ಏರದಿರಲು ಅದು ಒಳ್ಳೆಯದು. ಆದರೆ ಶುಗರ್ ಕುಸಿದಿರುವಾಗ ಬಾಯಿಗೆ ಹಾಕಿದ ಸಕ್ಕರೆ, ಬೆಲ್ಲ ಹೊತ್ತಿಗೆ ಒದಗುವುದಿಲ್ಲ. ಗ್ಲೂಕೋಸ್ ಪುಡಿ ಒಡೆಯಬೇಕಾಗಿಲ್ಲ, ನೇರವಾಗಿ ಸೇರುತ್ತದೆ. ನಾನು "ನಮಗೆ ಸಂಬಂಧವಿಲ್ಲ" ಎಂದು ಬಿಟ್ಟ ಸಾಲು ದೊಡ್ಡಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧಪಟ್ಟಿತ್ತು.

ಇದೇ ಪಟ್ಟಿಯಲ್ಲಿದ್ದ ಗ್ಲಿಮೆಪಿರೈಡ್ ಬಗ್ಗೆಯೂ ವೈದ್ಯರು ಒಂದು ಸಾಲು ಸೇರಿಸಲು ಹೇಳಿದರು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಶುಗರ್ ಇಳಿಯುವುದು ಅಪರೂಪ. ಇಳಿಸುವುದು ಮುಖ್ಯವಾಗಿ ಇನ್ಸುಲಿನ್ ಮತ್ತು ಗ್ಲಿಮೆಪಿರೈಡಿನ ಜಾತಿಯ ಮಾತ್ರೆಗಳು. ಈ ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಒಮ್ಮೆ ಚೇತರಿಸಿಕೊಂಡವರಿಗೂ ಅದೇ ದಿನ ಮತ್ತೆ ಇಳಿಯಬಹುದು. ಹಾಗಾಗಿ ಅವರನ್ನು ಒಂಟಿಯಾಗಿ ಬಿಡಬಾರದು, ಡಾಕ್ಟರಿಗೆ ತಿಳಿಸಬೇಕು.

ಆದ್ದರಿಂದ ಸಾರಾಂಶಕ್ಕೆ ಕೈಹಾಕುವ ಮೊದಲು ಕರಪತ್ರದ ಪಕ್ಕದಲ್ಲಿ ಮನೆಯವರ ಮಾತ್ರೆಯ ಪಟ್ಟಿಗಳನ್ನೂ ಇಟ್ಟುಕೊಳ್ಳಿ. ದಪ್ಪಕ್ಷರದ ಕಂಪನಿ ಹೆಸರನ್ನಲ್ಲ, ಅದರ ಕೆಳಗಿನ ಸಣ್ಣ ಅಕ್ಷರದ ಔಷಧಿ ಹೆಸರುಗಳನ್ನು ಬರೆದುಕೊಳ್ಳಿ. ಕರಪತ್ರದಲ್ಲಿ ಔಷಧಿಯ ಹೆಸರಿರುವ ವಾಕ್ಯ ಕಂಡಾಗಲೆಲ್ಲ ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ "ಇವರ ಮಾತ್ರೆ ಇದೇ ಗುಂಪಿನದಾ?" ಎಂದು ಕೇಳಿ. ಆ ತೀರ್ಮಾನ ನಮ್ಮದಲ್ಲ.

ಕೊನೆಗೆ ಉಳಿದ ಚೀಟಿ

ವೈದ್ಯರು ನೋಡಿ ಒಪ್ಪಿದ ಮೇಲೆ ದೊಡ್ಡಮ್ಮನ ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದು ಇಷ್ಟು:

ದೊಡ್ಡಮ್ಮನಿಗೆ ಶುಗರ್ ಇಳಿದರೆ

1. ಎಚ್ಚರ ಇಲ್ಲವಾ? ಬಾಯಿಗೆ ಏನೂ ಹಾಕಬೇಡಿ.
2. ಪಕ್ಕಕ್ಕೆ ತಿರುಗಿಸಿ ಮಲಗಿಸಿ. 108ಕ್ಕೆ ಫೋನ್ ಮಾಡಿ.
3. ಎಚ್ಚರ ಇದ್ದು, ಬೆವರು, ಕೈ ನಡುಕ, ತೊದಲು ಮಾತು, ಗೊಂದಲ ಕಂಡರೆ ಕೂರಿಸಿ.
4. ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕಡಿಮೆ ಎಂದರೆ ಇಳಿದಿದೆ. ಮೀಟರ್ ಹುಡುಕುತ್ತಾ ಕೂರಬೇಡಿ.
5. ಗ್ಲೂಕೋಸ್ ಪುಡಿ 4 ಚಮಚ, ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ.
6. ಇವರಿಗೆ ಗ್ಲೂಕೋಸೇ ಆಗಬೇಕು. ಸಕ್ಕರೆ, ಬೆಲ್ಲ, ಚಾಕೊಲೇಟ್ ಸಾಲದು.
7. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ 4 ಚಮಚ. ಆಗಲೂ ಏರದಿದ್ದರೆ 108.
8. ಸರಿಹೋದ ಮೇಲೆ ಊಟ ಕೊಡಿ. ಒಬ್ಬರೇ ಬಿಡಬೇಡಿ. ಡಾಕ್ಟರಿಗೆ ತಿಳಿಸಿ.

ಅಡಿಯಲ್ಲಿ ವೈದ್ಯರ ಫೋನ್ ನಂಬರು, ಮಾತ್ರೆಯ ಮೂರು ಔಷಧಿ ಹೆಸರು, ಚೀಟಿ ಬರೆದ ತಾರೀಖು. ಆರನೆಯ ಸಾಲು ದೊಡ್ಡಮ್ಮನ ಮಾತ್ರೆಗಾಗಿ ಬಂದದ್ದು. ವೋಗ್ಲಿಬೋಸ್, ಅಕಾರ್ಬೋಸ್ ಇಲ್ಲದವರಿಗೆ ಸಕ್ಕರೆ ನೀರೂ ಆಗುತ್ತದೆ. ಆದರೆ ಚಾಕೊಲೇಟ್ ಯಾರಿಗೂ ಆಗದು, ಅದರ ಕೊಬ್ಬು ಸಿಹಿಯನ್ನು ತಡೆಹಿಡಿಯುತ್ತದೆ. ಆದ್ದರಿಂದ ಈ ಚೀಟಿಯನ್ನೇ ನಕಲು ಮಾಡಿಕೊಳ್ಳಬೇಡಿ, ನಿಮ್ಮ ಮನೆಯವರದ್ದನ್ನು ಬೇರೆಯಾಗಿ ಬರೆಯಿರಿ.

ದೊಡ್ಡಮ್ಮನಿಗೆಂದೇ ಒಂದು ಪುಟ್ಟ ಚೀಟಿ ಬೇರೆ ಇದೆ, ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ: "ಊಟ ಇಲ್ಲದ ದಿನ ಈ ಮಾತ್ರೆ ಹೇಗೆ? ಡಾಕ್ಟರನ್ನು ಕೇಳಿದ ಮೇಲೆ." ಉಪವಾಸದ ಬಗ್ಗೆ ಕರಪತ್ರದಲ್ಲಿ ಏನೂ ಇರಲಿಲ್ಲ. ಇಲ್ಲದ್ದನ್ನು ನಾನೇ ತುಂಬುವ ಬದಲು ಪ್ರಶ್ನೆಯಾಗಿಯೇ ಬರೆದೆ. ವೈದ್ಯರು ಏಕಾದಶಿಗೆ ಏನು ಮಾಡಬೇಕೆಂದು ಅವರಿಗೇ ಹೇಳಿಕೊಟ್ಟರು.

ಕನ್ನಡದ "ಬೇಡಿ" ಮತ್ತು ಇತರ ತೊಡಕುಗಳು

ನಮ್ಮ ಭಾಷೆಯಲ್ಲಿ ಬೇಡ ಎನ್ನುವ ಮಾತು ವಾಕ್ಯದ ತುದಿಯಲ್ಲಿ ಬರುತ್ತದೆ. "ಎಚ್ಚರ ತಪ್ಪಿದವರಿಗೆ ನೀರು, ಸಕ್ಕರೆ, ಗ್ಲೂಕೋಸ್ ಮುಂತಾದವನ್ನು ಕುಡಿಸಲು ಪ್ರಯತ್ನಿಸಬೇಡಿ" ಎಂದು ಬರೆದು ದೊಡ್ಡಕ್ಷರದಲ್ಲಿ ಮುದ್ರಿಸಿದರೆ ವಾಕ್ಯ ಎರಡು ಸಾಲಾಗುತ್ತದೆ. ಗಾಬರಿಯಲ್ಲಿ ಓದುವವರು ಮೊದಲ ಸಾಲಿನಲ್ಲಿ ನೀರು, ಸಕ್ಕರೆ, ಗ್ಲೂಕೋಸ್ ಎಂಬ ಮಾತುಗಳನ್ನು ಕಂಡು ತರಲು ಓಡುತ್ತಾರೆ. "ಬೇಡಿ" ಎರಡನೆಯ ಸಾಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಬೇಡದ ಸಂಗತಿಯನ್ನು ಹೇಳುವ ವಾಕ್ಯ ಒಂದೇ ಸಾಲಿನಲ್ಲಿ ಮುಗಿಯಬೇಕು, ಬೇಡದ ವಸ್ತುಗಳ ಪಟ್ಟಿ ಅದರಲ್ಲಿ ಇರಬಾರದು.

ಪುಸ್ತಕದ ಪದಗಳೂ ಅಡ್ಡಬರುತ್ತವೆ. "ರಕ್ತದ ಗ್ಲೂಕೋಸ್ ಮಟ್ಟ ಕುಸಿತ", "ಪ್ರಜ್ಞಾಹೀನ ಸ್ಥಿತಿ" ಎಂದರೆ ಓದಿದವರಿಗೆ ಅರ್ಥವಾದೀತು, ಆದರೆ ನಿಧಾನವಾಗಿ. ಮನೆಯಲ್ಲಿ ಎಲ್ಲರೂ ಆಡುವುದು "ಶುಗರ್ ಇಳಿದಿದೆ", "ಎಚ್ಚರ ಇಲ್ಲ" ಎಂದೇ. ಅಂಕಿಗಳನ್ನು ಮೀಟರಿನ ಮೇಲೆ ಕಾಣುವ ರೂಪದಲ್ಲೇ ಬರೆಯಿರಿ. ೭೦ ಎಂದು ಬರೆದು ಮೀಟರಿನ 70ರ ಜೊತೆ ಹೊಂದಿಸಿ ನೋಡುವ ಶ್ರಮ ಆ ಹೊತ್ತಿಗೆ ಬೇಡ.

ಅಕ್ಷರ ದೊಡ್ಡದಾಗಿರಲಿ, 20 ಪಾಯಿಂಟಿನ ಆಸುಪಾಸು. ದಪ್ಪಕ್ಷರದ ಆಸೆ ಬೇಡ. ಕನ್ನಡದ ಒತ್ತಕ್ಷರಗಳು ದಪ್ಪವಾದಾಗ ಹೊಟ್ಟೆ ತುಂಬಿಕೊಂಡು ಒಂದರಂತೆ ಒಂದು ಕಾಣುತ್ತವೆ, ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತವೆ. ಮಾಮೂಲಿ ಅಕ್ಷರ, ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ, ಬಿಳಿ ಕಾಗದದ ಮೇಲೆ ಕಪ್ಪು ಶಾಯಿ. ಓದಲು ಬಾರದವರಿದ್ದರೆ ಅದೇ ಎಂಟು ಸಾಲನ್ನು ನಿಮ್ಮ ದನಿಯಲ್ಲಿ ಓದಿ ಕಳಿಸಿ, ಸಾಲಿಗೊಮ್ಮೆ ನಿಲ್ಲಿಸುತ್ತಾ.

ಇನ್ನೊಂದು ತಪ್ಪನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಚೀಟಿಯಲ್ಲಿ ಜಾಗ ಉಳಿಯಿತೆಂದು ಹಾಗಲಕಾಯಿ ರಸ, ಮೆಂತ್ಯದ ನೀರು, ಪಾದದ ಆರೈಕೆ ಎಲ್ಲವನ್ನೂ ಸೇರಿಸುತ್ತಾರೆ. ಕರಪತ್ರದಲ್ಲಿಲ್ಲದ ಸಲಹೆ ಅದರ ಸಾರಾಂಶದಲ್ಲಿ ಬಂದರೆ ಓದುವವರು ಅದನ್ನೂ ಆಸ್ಪತ್ರೆಯ ಮಾತೆಂದೇ ನಂಬುತ್ತಾರೆ. ಪಾದದ ಆರೈಕೆ ಖಂಡಿತ ಬೇಕು, ಆದರೆ ಅದಕ್ಕೆ ಬೇರೆ ಚೀಟಿ, ಅದರ ಜಾಗ ಸ್ನಾನದ ಮನೆಯ ಬಾಗಿಲು.

ಗೊತ್ತಾಯ್ತಾ ಎಂದು ಕೇಳಬೇಡಿ

"ಗೊತ್ತಾಯ್ತಾ ದೊಡ್ಡಮ್ಮ?" ಎಂದರೆ ಬರುವ ಉತ್ತರ "ಹ್ಞೂಂ". ನಮ್ಮ ಶ್ರಮಕ್ಕೆ ಮರ್ಯಾದೆ ಕೊಟ್ಟು ಹೇಳುವ ಹ್ಞೂಂ ಅದು. ಬದಲಿಗೆ ಮಾಡಿ ತೋರಿಸಲು ಹೇಳಿ. ವೈದ್ಯರೂ ದಾದಿಯರೂ ಬಳಸುವ ಕ್ರಮವಿದು: ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ತಪ್ಪು ಬಂದರೆ ತಿದ್ದಬೇಕಾದದ್ದು ಚೀಟಿಯನ್ನು, ಹೇಳಿದವರನ್ನಲ್ಲ.

ನಾನು ಕುರ್ಚಿಯಲ್ಲಿ ಒರಗಿ ಕೂತು ಅತ್ತಿಗೆಗೆ, "ನಾನೇ ದೊಡ್ಡಮ್ಮ ಅಂದ್ಕೊಳ್ಳಿ ಅತ್ತಿಗೆ, ಬೆವರ್ತಾ ಇದ್ದೀನಿ, ಮಾತು ತೊದಲ್ತಾ ಇದೆ. ಈಗ ಏನ್ ಮಾಡ್ತೀರಿ?" ಎಂದೆ. ಅವರು ಚೀಟಿ ನೋಡಿಕೊಂಡು ಸರಿಯಾಗಿಯೇ ಹೊರಟರು. ಗ್ಲೂಕೋಸ್ ಡಬ್ಬಿ ತೆಗೆದರು. ಚಮಚಕ್ಕೆಂದು ಕೈಗೆ ಸಿಕ್ಕಿದ್ದು ಉಪ್ಪಿನಕಾಯಿಯ ಪುಟ್ಟ ಚಮಚ. ಅದರಲ್ಲಿ ನಾಲ್ಕು ಹಾಕಿದರೆ ಎರಡು ಚಮಚದಷ್ಟೂ ಆಗದು. ಜೊತೆಗೆ ಮಲೆನಾಡಿನ ಮಳೆಗಾಲದ ತೇವಕ್ಕೆ ಪುಡಿ ಗಟ್ಟಿಯಾಗಿ ಹೆಂಟೆ ಕಟ್ಟಿತ್ತು, ಚಮಚ ಇಳಿಯಲೇ ಇಲ್ಲ.

ಈಗ ಆ ಡಬ್ಬಿಯ ಬದಲು ಬಿಗಿ ಮುಚ್ಚಳದ ನಾಲ್ಕು ಪುಟ್ಟ ಡಬ್ಬಿಗಳಿವೆ. ಒಂದೊಂದರಲ್ಲಿ ಅಳೆದ ನಾಲ್ಕು ಚಮಚ ಗ್ಲೂಕೋಸ್, ಒಂದು ಸಲಕ್ಕೆ ಒಂದು ಡಬ್ಬಿ. ಎರಡು ಫ್ರಿಜ್ಜಿನ ಮೇಲೆ, ಒಂದು ದೊಡ್ಡಮ್ಮನ ಹಾಸಿಗೆಯ ಪಕ್ಕ, ಒಂದು ಬಾವಿಕಟ್ಟೆಗೆ ಹೋಗುವ ಹಿತ್ತಲ ಬಾಗಿಲಿನ ಗೂಡಿನಲ್ಲಿ. ಚೀಟಿಯ ಐದನೆಯ ಸಾಲು ಮತ್ತೊಮ್ಮೆ ಬದಲಾಯಿತು: "ಒಂದು ಡಬ್ಬಿ ಗ್ಲೂಕೋಸ್ ಪೂರ್ತಿ, ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ." ಏಳನೆಯ ಸಾಲಿನಲ್ಲೂ ನಾಲ್ಕು ಚಮಚ ಹೋಗಿ ಒಂದು ಡಬ್ಬಿ ಬಂತು. ಹೆಂಟೆ ಕಟ್ಟಿದೆಯೇ ಎಂದು ತಿಂಗಳಿಗೊಮ್ಮೆ ಅಲ್ಲಾಡಿಸಿ ನೋಡುವ ಕೆಲಸವನ್ನು ಅತ್ತಿಗೆ ವಹಿಸಿಕೊಂಡಿದ್ದಾರೆ. ಮಾತ್ರೆ ಬದಲಾದ ದಿನ ಹಳೆಯ ಚೀಟಿಯನ್ನು ಕಿತ್ತು ನನಗೆ ಫೋನ್ ಮಾಡುವುದು ದೊಡ್ಡಮ್ಮನ ಪಾಲಿನದು.